ಕ್ಲೈಂಟ್ ಹೊಗಳಿದಾಗ ‘ನಮ್ಮ ಹುಡುಗರು’ ಅನ್ನಬೇಡಿ: ಹೆಸರು ಹಿಡಿದು ಉತ್ತರ ಬರೆಯೋದು ಹೇಗೆ

ಮಂಡ್ಯದ ಒಂದು ಬೆಲ್ಲದ ಮಂಡಿಗೆ ತೂಕ ಮತ್ತು ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಟ್ಟು ಮೂರು ವಾರ ಆಗಿತ್ತು. ಒಂದು ಸಂಜೆ, ಮೈಸೂರಿನ ಕುವೆಂಪುನಗರದ ನಮ್ಮ ಪುಟ್ಟ ಆಫೀಸಿಗೆ ಬೀಗ ಹಾಕಬೇಕು ಅನ್ನೋ ಹೊತ್ತಿಗೆ, ಮಂಡಿಯ ಯಜಮಾನರಿಂದ ಒಂದು ಮೇಲ್ ಬಂತು. ಟೈಪ್ ಮಾಡಿದ್ದು ಅವರ ಮಗಳು, ಮಾತು ಮಾತ್ರ ಅವರದೇ:

> ಸರ್, ಕೆಲಸ ಬಹಳ ಚೆನ್ನಾಗಿ ಆಗಿದೆ. ಮೊದಲು ಒಂದು ಗಾಡಿ ಬೆಲ್ಲ ತೂಗಿ ಬಿಲ್ ಕೊಡೋಕೆ ಅರ್ಧ ಗಂಟೆ ಹಿಡೀತಿತ್ತು, ಈಗ ಹತ್ತು ನಿಮಿಷ. ತೂಕದ ಬಗ್ಗೆ ರೈತರ ತಕರಾರು ನಿಂತಿದೆ. ಬಿಲ್ಲು ಕನ್ನಡದಲ್ಲಿ ಬರೋದ್ರಿಂದ ಅವರೇ ಓದ್ಕೊಂಡು ಹೋಗ್ತಾರೆ. ನೀವೊಬ್ಬರೇ ಇಷ್ಟೆಲ್ಲ ಮಾಡಿದ್ದು ನೋಡಿ ಖುಷಿಯಾಯ್ತು.

ಓದಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ‘ನೀವೊಬ್ಬರೇ’ ಅನ್ನೋ ಪದ ಚುಚ್ಚಿತು. ಆ ಕೆಲಸದಲ್ಲಿ ನಾವು ಆರು ಜನ ಇದ್ದೆವು. ದರ, ದಿನಾಂಕ ಅಂತ ಯಜಮಾನರು ಮಾತಾಡುತ್ತಿದ್ದದ್ದು ನನ್ನ ಜೊತೆ ಮಾತ್ರ, ಹಾಗಾಗಿ ಅವರ ಮನಸ್ಸಿನಲ್ಲಿ ಉಳಿದದ್ದು ನಾನೊಬ್ಬನೇ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಇಂಥ ಮೇಲ್‌ಗೆ ಏನು ಉತ್ತರ ಬರೆಯೋದು, ಯಾರ ಹೆಸರನ್ನು ಹೇಗೆ ಹಾಕೋದು, ಎಲ್ಲಿ ಎಡವುತ್ತೇವೆ ಅನ್ನೋದನ್ನು ಆ ಒಂದೇ ಉತ್ತರ ಇಟ್ಟುಕೊಂಡು ಹೇಳುತ್ತೇನೆ. ಜೊತೆಯವರ ಹೆಸರುಗಳನ್ನು ಬದಲಾಯಿಸಿದ್ದೇನೆ.

## ಮೊದಲು ಬಾಯಿಗೆ ಬರುವ ಎರಡು ಉತ್ತರ

ನಮ್ಮ ಕಡೆ ಯಾರಾದರೂ ಹೊಗಳಿದರೆ ಕೈ ತಾನಾಗೇ ಟೈಪ್ ಮಾಡೋದು ಹೀಗೆ: “ಅಯ್ಯೋ ನಮ್ದೇನಿದೆ ಸಾರ್, ಎಲ್ಲಾ ನಿಮ್ಮ ಆಶೀರ್ವಾದ.” ಮದುವೆ ಮನೇಲಿ ಊಟ ಚೆನ್ನಾಗಿತ್ತು ಅಂದಾಗ ಹೇಳೋಕೆ ಇದು ಸರಿ. ಕೆಲಸದ ಮೇಲ್‌ಗೆ ಇದು ಉತ್ತರವೇ ಅಲ್ಲ. ನಮ್ದೇನಿಲ್ಲ ಅಂದಾಗ ನಿಮ್ಮ ಜೊತೆಗೆ ಮಿಕ್ಕ ಐವರನ್ನೂ ಅಳಿಸಿ ಹಾಕಿದಿರಿ. ಅಲ್ಲದೆ ಯಜಮಾನರು ಹತ್ತು ನಿಮಿಷ, ತಕರಾರು, ಕನ್ನಡ ಬಿಲ್ಲು ಅಂತ ಲೆಕ್ಕ ಹಾಕಿ ಹೊಗಳಿದ್ದಾರೆ. ಏನಿಲ್ಲ ಬಿಡಿ ಅಂದರೆ ಅವರ ಮಾತನ್ನು ತಳ್ಳಿಹಾಕಿದ ಹಾಗೆ.

ಎರಡನೆಯದು ಇದಕ್ಕಿಂತ ಮೋಸ, ಯಾಕೆಂದರೆ ಕೇಳೋಕೆ ಒಳ್ಳೆಯದಾಗಿದೆ: “ನಮ್ಮ ಹುಡುಗರು ಮಾಡಿದ್ರು ಸಾರ್, ಟೀಮ್ ವರ್ಕ್.” ನಮ್ಮ ಹುಡುಗರು ಅಂದಾಗ ಹೇಳುವವನು ದೊಡ್ಡವನಾಗುತ್ತಾನೆ, ಹುಡುಗರಿಗೆ ಮುಖ ಇರೋದಿಲ್ಲ. ನಮ್ಮ ಟೀಮಿನ ಹುಡುಗರಲ್ಲಿ ಒಬ್ಬರಿಗೆ ನಲವತ್ತೆರಡು ವಯಸ್ಸು, ಇಬ್ಬರು ಹೆಂಗಸರು! ಇದನ್ನು ಓದಿದ ಯಜಮಾನರ ತಲೆಯಲ್ಲಿ ಉಳಿಯೋದು ಮೊದಲು ಇದ್ದದ್ದೇ. ಕೆಲಸ ನಿಮ್ಮದು, ಜೊತೆಗೆ ವಿನಯ ಬೇರೆ.

ಬೇಕಾದ ಉತ್ತರ ಮೂರು ಕೆಲಸ ಮಾಡಬೇಕು. ಹೊಗಳಿಕೆಯನ್ನು ನೇರವಾಗಿ ತೆಗೆದುಕೊಳ್ಳಬೇಕು, ಅವರು ಹೊಗಳಿದ ಒಂದೊಂದು ವಿಷಯದ ಹಿಂದೆ ಯಾರಿದ್ದಾರೆ ಅಂತ ಹೇಳಬೇಕು, ಆಮೇಲೆ ಸುಮ್ಮನಾಗಬೇಕು.

## ಹೆಜ್ಜೆ 1: ಕೂಡಲೇ ಒಂದು ಸಾಲು, ಪೂರ್ತಿ ಉತ್ತರ ನಾಳೆ

ಹೊಗಳಿಕೆಗೆ ಎರಡು ದಿನ ಉತ್ತರ ಬರದಿದ್ದರೆ ಬರೆದವರಿಗೆ ಕಸಿವಿಸಿ ಆಗುತ್ತದೆ. ಹಾಗಂತ ಹತ್ತು ನಿಮಿಷದಲ್ಲಿ ಪೂರ್ತಿ ಉತ್ತರ ಬರೆಯಲು ಕೂತರೆ ಯಾರದಾದರೂ ಹೆಸರು ತಪ್ಪೋದು ಗ್ಯಾರಂಟಿ. ನಾನು ಆ ಸಂಜೆ ವಾಟ್ಸಾಪ್‌ನಲ್ಲಿ ಇಷ್ಟೇ ಹಾಕಿದೆ: “ಯಜಮಾನರೇ, ಮೇಲ್ ನೋಡಿದೆ, ಬಹಳ ಸಂತೋಷವಾಯ್ತು. ಜೊತೆಯವರಿಗೆಲ್ಲ ತೋರಿಸಿ ನಾಳೆ ವಿವರವಾಗಿ ಬರೆಯುತ್ತೇನೆ.”

‘ಜೊತೆಯವರಿಗೆಲ್ಲ’ ಅನ್ನೋದು ಬೇಕಂತಲೇ ಹಾಕಿದ್ದು. ಮರುದಿನದ ಹೆಸರುಗಳಿಗೆ ಅಲ್ಲೇ ಜಾಗ ಆಯಿತು.

ಹೊಗಳಿಕೆ ಫೋನಿನಲ್ಲೋ ಎದುರಿಗೋ ಬಂದರೆ ಆ ಕ್ಷಣಕ್ಕೆ ಒಬ್ಬರ ಹೆಸರು ಸಾಕು. “ಆ ಬಿಲ್ಲಿನ ಕೆಲಸ ಇಮ್ರಾನ್ ಅವರದು, ಅವರಿಗೆ ಹೇಳ್ತೀನಿ” ಅಂದುಬಿಡಿ. ಉಳಿದವರದು ಆಮೇಲೆ ಮೆಸೇಜಿನಲ್ಲಿ. ಮಾತಿನ ಮಧ್ಯೆ ಐದು ಹೆಸರು ಪಟಪಟ ಹೇಳಿದರೆ ಯಾರಿಗೂ ನೆನಪಿರಲ್ಲ.

## ಹೆಜ್ಜೆ 2: ಜನರನ್ನು ನೆನೆಸಿಕೊಳ್ಳಬೇಡಿ, ಕೆಲಸವನ್ನು ನೆನೆಸಿಕೊಳ್ಳಿ

ನಾನು ಒಂದು ಸಲ ಸರಿಯಾಗಿ ಎಡವಿದ್ದೇ ಇಲ್ಲಿ. ಹಿಂದೆ ಬೇರೊಂದು ಕೆಲಸಕ್ಕೆ ಇಂಥದೇ ಉತ್ತರ ಬರೆದಿದ್ದೆ, ನಾಲ್ಕು ಹೆಸರು ಹಾಕಿದ್ದೆ, ಚೆನ್ನಾಗಿ ಬರೆದೆ ಅಂತ ಒಳಗೊಳಗೇ ಬೀಗಿದ್ದೆ. ಐದನೆಯವರು ಹಳೆಯ ಲೆಕ್ಕವನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ತಂದವರು. ಅವರ ಕೆಲಸದಲ್ಲಿ ಒಂದೂ ತೊಂದರೆ ಬಂದಿರಲಿಲ್ಲ, ಅದಕ್ಕೇ ಅದರ ಬಗ್ಗೆ ಯಾರೂ ಮಾತಾಡಿರಲಿಲ್ಲ, ಅದಕ್ಕೇ ನನಗೆ ನೆನಪಾಗಲಿಲ್ಲ. ಅವರು ಏನೂ ಅನ್ನಲಿಲ್ಲ. ಒಂದು ವಾರ ಕಾಫಿಗೆ ಮಾತ್ರ ನಮ್ಮ ಜೊತೆ ಬರಲಿಲ್ಲ.

ಟೀಮಿನಲ್ಲಿ ಯಾರ್ಯಾರಿದ್ದರು ಅಂತ ಯೋಚಿಸಿದರೆ ಮೊದಲು ನೆನಪಾಗೋದು ಜಾಸ್ತಿ ಮಾತಾಡುವವರು, ಹತ್ತಿರ ಕೂರುವವರು, ಕೊನೆ ವಾರ ಓಡಾಡಿದವರು. ಅದರ ಬದಲು ಕೆಲಸ ಶುರುವಾದ ದಿನದಿಂದ ಇವತ್ತಿನವರೆಗೆ ಒಂದೊಂದೇ ಘಟ್ಟ ಬರೆಯಿರಿ, ಪ್ರತಿ ಘಟ್ಟದ ಎದುರು “ಇದನ್ನು ಕೈಯಾರೆ ಮಾಡಿದ್ದು ಯಾರು?” ಅಂತ ಕೇಳಿಕೊಳ್ಳಿ. ನೆನಪನ್ನು ನಂಬಬೇಡಿ. ವಾಟ್ಸಾಪ್ ಗ್ರೂಪನ್ನು ಮೊದಲ ದಿನದಿಂದ ಒಮ್ಮೆ ಕೆಳಗೆ ಎಳೆದುಕೊಂಡು ಬನ್ನಿ. ಕೋಡ್ ಬರೆಯುವವರಾದರೆ ಈ ಒಂದು ಸಾಲು ಯಾರು ಎಷ್ಟು ಸಲ ಕೋಡ್ ಸೇರಿಸಿದ್ದಾರೆ ಅಂತ ತೋರಿಸುತ್ತದೆ:

```
git shortlog -sn --since="3 months ago"
```

ಆದರೆ ಅಲ್ಲಿ ಬರೋದು ಕೋಡ್ ಬರೆದವರು ಮಾತ್ರ. ಮಂಡಿಯಲ್ಲಿ ಕೂತು ನೋಡಿದವರು, ಪರೀಕ್ಷೆ ಮಾಡಿದವರು, ಫೋನ್ ಎತ್ತಿದವರು ಆ ಪಟ್ಟಿಯಲ್ಲಿ ಇರೋದೇ ಇಲ್ಲ. ಅಂಕಿ ದೊಡ್ಡದಿದ್ದರೆ ಕೆಲಸ ದೊಡ್ಡದು ಅಂತಲೂ ಅಲ್ಲ. ಒಬ್ಬರು ಒಂದೇ ಸಲ ಸೇರಿಸಿದ್ದು ಇಡೀ ಕೆಲಸದ ಬೆನ್ನುಮೂಳೆ ಆಗಿರಬಹುದು.

ಬೆಲ್ಲದ ಮಂಡಿಯ ಕೆಲಸಕ್ಕೆ ನಾನು ಬರೆದ ಪಟ್ಟಿ ಹೀಗಿತ್ತು.

ಮಂಡಿಯಲ್ಲಿ ಕೂತು ನೋಡಿದ್ದು ಸುಮಾ. ಮೈಸೂರಿನಿಂದ ಮೂರು ದಿನ ರೈಲಿನಲ್ಲಿ ಹೋಗಿ ಬಂದರು. ಒಂದೇ ಗಾಡಿಯಲ್ಲಿ ಇಬ್ಬರು ಮೂವರು ರೈತರ ಬೆಲ್ಲ ಬರುತ್ತದೆ, ಅಚ್ಚು ಬೇರೆ, ಉಂಡೆ ಬೇರೆ, ಬಕೆಟ್ ಬೇರೆ, ಆದರೆ ನಮ್ಮ ಮೊದಲ ಸ್ಕ್ರೀನು ಒಂದು ಗಾಡಿಗೆ ಒಬ್ಬರೇ ರೈತರು ಅಂತ ಅಂದುಕೊಂಡಿತ್ತು. ಗುಮಾಸ್ತರು ಅದಕ್ಕೇ ಮೊದಲು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡುತ್ತಿದ್ದರು. ಅರ್ಧ ಗಂಟೆ ಹೋಗುತ್ತಿದ್ದದ್ದೇ ಆ ಚೀಟಿಯಲ್ಲಿ.

ತಕ್ಕಡಿಯನ್ನು ಕಂಪ್ಯೂಟರಿಗೆ ಸೇರಿಸಿದ್ದು ಹರೀಶ್. ಡಿಜಿಟಲ್ ತಕ್ಕಡಿ ಒಂದೇ ಸಮನೆ ಅಂಕಿ ಕಳಿಸುತ್ತಾ ಇರುತ್ತದೆ. ಹಮಾಲರು ಮೂಟೆ ಇಟ್ಟು ಕೈ ತೆಗೆಯುವ ಮೊದಲೇ ಅಂಕಿ ಹಿಡಿದರೆ ತೂಕ ತಪ್ಪು. ಅಂಕಿ ಮೂರು ಸೆಕೆಂಡು ಅಲುಗಾಡದೆ ನಿಂತ ಮೇಲೆ ಮಾತ್ರ ತೆಗೆದುಕೊಳ್ಳುವ ಹಾಗೆ ಅವರು ಮಾಡಿದರು.

ಪರೀಕ್ಷೆ ನಯನಾ ಅವರದು. ಎರಡು ತಿಂಗಳ ಹಳೆಯ ಖಾತೆ ಪುಸ್ತಕ ಇಟ್ಟುಕೊಂಡು ನಮ್ಮ ಲೆಕ್ಕಕ್ಕೆ ತಾಳೆ ಹಾಕಿದರು. ತಕ್ಕಡಿ 37.46 ಕೆಜಿ ತೋರಿಸಿದರೆ ನಮ್ಮ ಸಾಫ್ಟ್‌ವೇರ್ ಕೊನೆಯ ಅಂಕಿ ಬಿಟ್ಟು 37.4 ಅಂತ ಬರೆದುಕೊಳ್ಳುತ್ತಿತ್ತು. ಒಂದು ಮೂಟೆಗೆ ಹೆಚ್ಚೆಂದರೆ 90 ಗ್ರಾಂ. ಆದರೆ 40 ಮೂಟೆಗೆ ಅದು 3.6 ಕೆಜಿವರೆಗೂ ಹೋಗಬಹುದು, ಅಷ್ಟೂ ನಷ್ಟ ರೈತರಿಗೆ. ಇದನ್ನು ಹಿಡಿದದ್ದು ಅವರು.

ಕನ್ನಡ ಬಿಲ್ಲು ಇಮ್ರಾನ್ ಅವರದು. ಅಂಗಡಿಯಲ್ಲಿರುವ ಸಣ್ಣ ಥರ್ಮಲ್ ಪ್ರಿಂಟರಿನೊಳಗೆ ಕನ್ನಡ ಅಕ್ಷರ ಇರಲಿಲ್ಲ, ಕಳಿಸಿದರೆ ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತಿತ್ತು. ಬಿಲ್ಲನ್ನು ಮೊದಲು ಚಿತ್ರ ಮಾಡಿ ಆಮೇಲೆ ಪ್ರಿಂಟರಿಗೆ ಕಳಿಸಿದರು, ‘ಮದ್ದೂರು’, ‘ಕೊಪ್ಪ’ ಬರೆಯುವಾಗ ಒತ್ತಕ್ಷರ ಕೆಳಗಿನ ಸಾಲಿಗೆ ತಾಗದ ಹಾಗೆ ಜಾಗ ಬಿಟ್ಟರು.

ಹಳೆಯ ರೈತರ ಹೆಸರು ಮತ್ತು ಬಾಕಿ ತಂದಿದ್ದು, ಮೊದಲ ಹತ್ತು ದಿನ ಬೆಳಿಗ್ಗೆ ಫೋನ್ ಎತ್ತಿದ್ದು ಲೋಕೇಶ್.

ನನ್ನದು ಯಜಮಾನರ ಜೊತೆ ಮಾತು, ದರ, ದಿನಾಂಕ, ಯಾವುದು ಮೊದಲು ಯಾವುದು ಆಮೇಲೆ ಅನ್ನೋ ತೀರ್ಮಾನ.

ಇನ್ನೊಬ್ಬರಿದ್ದಾರೆ, ಸುಲಭವಾಗಿ ಮರೆತುಹೋಗುವವರು: ಅವರದೇ ಗುಮಾಸ್ತರು. ಸುಮಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೀಟಿ ಯಾಕೆ ಬರೆಯುತ್ತೇನೆ ಅಂತ ಬಿಡಿಸಿ ಹೇಳಿದವರು ಅವರೇ. ಕ್ಲೈಂಟ್ ಕಡೆಯವರ ಹೆಸರು ಹಾಕೋದು ಬೆಣ್ಣೆ ಹಚ್ಚೋಕಲ್ಲ. ಅವರು ನಿಜವಾಗಿ ಮಾಡಿದ್ದರೆ ಮಾತ್ರ ಹಾಕಿ.

## ಹೆಜ್ಜೆ 3: ಬರೆಯುವ ಮೊದಲು ಅವರನ್ನೇ ಕೇಳಿ

ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಆಶ್ಚರ್ಯ ಕೊಡೋಣ ಅಂತ ಕೇಳದೆ ಬರೆಯುತ್ತಾರೆ. ನಾನು ಪ್ರತಿಯೊಬ್ಬರಿಗೂ ಅವರವರ ಸಾಲನ್ನು ಮಾತ್ರ ಕಳಿಸಿದೆ, ಜೊತೆಗೆ “ಇದು ಸರಿ ಇದೆಯಾ? ಹೆಸರು ಹಾಕಬಹುದಾ?” ಅಂತ ಕೇಳಿದೆ.

ಹರೀಶ್ ಕೂಡಲೇ ಫೋನ್ ಮಾಡಿದರು. “ಸಾರ್, ಮೂರು ಸೆಕೆಂಡ್ ಕಾಯೋದು ನಂದಲ್ಲ, ನಯನಾ ಅವರ ಐಡಿಯಾ. ನಾನು ಐದು ಸಲ ಅಂಕಿ ತಗೊಂಡು ಸರಾಸರಿ ಹಾಕ್ತಿದ್ದೆ. ಹಮಾಲರು ಮೂಟೆ ಮೇಲೆ ಕೈ ಇಟ್ಕೊಂಡೇ ಮಾತಾಡ್ತಾ ನಿಂತಿರ್ತಾರೆ, ಸರಾಸರಿ ಹಾಕಿದ್ರೆ ಅವರ ಕೈ ಭಾರನೂ ಸೇರುತ್ತೆ ಅಂತ ಅವರು ಹೇಳಿದ್ಮೇಲೆ ಬದಲಾಯಿಸಿದ್ದು.”

ನನಗೆ ಇದು ಗೊತ್ತೇ ಇರಲಿಲ್ಲ. ಹಾಗೇ ಕಳಿಸಿದ್ದರೆ ನಯನಾ ಅವರ ಕೆಲಸಕ್ಕೆ ಹರೀಶ್ ಹೆಸರು ಬಿದ್ದು, ಇಬ್ಬರಿಗೂ ಮುಜುಗರ ಆಗುತ್ತಿತ್ತು. ತಪ್ಪಾಗಿ ಕೊಟ್ಟ ಕ್ರೆಡಿಟ್ಟು ಕೊಡದೇ ಇದ್ದದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ಆಮೇಲೆ ತಿದ್ದೋಕೆ ಹೋದರೆ ಯಾರದೋ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ.

ಕೆಲವರು ಹೆಸರು ಬೇಡ ಅನ್ನುತ್ತಾರೆ. ಬೇರೆ ಕಡೆ ಕೆಲಸದಲ್ಲಿದ್ದು ನಿಮಗೆ ಬಿಡುವಿನಲ್ಲಿ ಮಾಡಿಕೊಟ್ಟವರಿರಬಹುದು, ಸುಮ್ನೆ ಇಷ್ಟವಿಲ್ಲದವರೂ ಇರಬಹುದು. ಒತ್ತಾಯ ಬೇಡ. ಅವರ ಕೆಲಸವನ್ನು “ಪ್ರಿಂಟರಿನ ಭಾಗವನ್ನು ನಮ್ಮ ಜೊತೆಯ ಇನ್ನೊಬ್ಬರು ಮಾಡಿದರು” ಅಂತ ಬರೆಯಿರಿ, ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಮಧ್ಯದಲ್ಲಿ ಕೆಲಸ ಬಿಟ್ಟು ಹೋದವರ ಹೆಸರು ಮಾತ್ರ ಹಾಕಲೇಬೇಕು ಅಂತ ನನ್ನ ಅಭಿಪ್ರಾಯ. ಹೋದವರನ್ನು ಹೇಗೆ ನೆನೆಯುತ್ತೀರಿ ಅಂತ ಇದ್ದವರು ನೋಡುತ್ತಾ ಇರುತ್ತಾರೆ.

## ಹೆಜ್ಜೆ 4: ಒಬ್ಬರಿಗೆ ಒಂದು ಸಾಲು, ಸಾಲಿಗೆ ಒಂದು ಕೆಲಸ

ಇಲ್ಲಿ ಸ್ವಲ್ಪ ನಿಲ್ಲೋಣ, ಉತ್ತರ ಗೆಲ್ಲೋದೂ ಸೋಲೋದೂ ಈ ಸಾಲುಗಳಲ್ಲೇ.

ನನ್ನ ಮೊದಲ ಕರಡಿನಲ್ಲಿ ಹೀಗಿತ್ತು: “ಸುಮಾ ಅವರು ಬಹಳ ಶ್ರಮ ವಹಿಸಿದರು. ಹರೀಶ್ ಅವರು ತಾಂತ್ರಿಕವಾಗಿ ಸಹಕರಿಸಿದರು. ನಯನಾ ಅವರ ಬೆಂಬಲ ಮರೆಯುವಂತಿಲ್ಲ.” ಓದಿದರೆ ಯಾವುದೋ ಸನ್ಮಾನದ ಆಮಂತ್ರಣ ಪತ್ರಿಕೆ ಇದ್ದ ಹಾಗಿದೆ, ಅಲ್ವಾ? ಶ್ರಮ, ಸಹಕಾರ, ಬೆಂಬಲ, ಕೊಡುಗೆ, ಅವಿರತ: ಇವು ಶಾಲು ಹಾರದ ಜೊತೆ ಬರುವ ಪದಗಳು. ಇವುಗಳಿಂದ ಯಾರು ಏನು ಮಾಡಿದರು ಅಂತ ಒಂದಿಷ್ಟೂ ಗೊತ್ತಾಗೋದಿಲ್ಲ.

ಇದಕ್ಕೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಎರಡು ಸಾಲುಗಳ ಹೆಸರನ್ನು ಅದಲು ಬದಲು ಮಾಡಿ ಓದಿ. ಹರೀಶ್ ಅವರು ಶ್ರಮ ವಹಿಸಿದರು, ಸುಮಾ ಅವರು ಸಹಕರಿಸಿದರು. ಏನೂ ಬದಲಾಗಲಿಲ್ಲ! ಅಂದರೆ ಆ ಸಾಲು ಯಾರ ಬಗ್ಗೆಯೂ ಅಲ್ಲ. ಈಗ “ಸುಮಾ ಅವರು ಮೂರು ದಿನ ನಿಮ್ಮ ಮಂಡಿಯಲ್ಲಿ ಕೂತು ಚೀಟಿ ಯಾಕೆ ಬೇಕಾಗುತ್ತಿದೆ ಅಂತ ಕಂಡುಹಿಡಿದರು” ಅನ್ನೋದಕ್ಕೆ ಹರೀಶ್ ಹೆಸರು ಹಾಕಿ ನೋಡಿ, ಸುಳ್ಳಾಗುತ್ತದೆ. ಹಾಗಿದ್ದರೆ ಸಾಲು ಗಟ್ಟಿ.

ಸಾಲಿನ ಒಳಗೆ ಮೂರು ಇರಲಿ: ಹೆಸರು, ಅವರು ಮಾಡಿದ್ದು, ಅದರಿಂದ ಕ್ಲೈಂಟ್ ಕಣ್ಣಿಗೆ ಕಂಡದ್ದು. ಮೂರನೆಯದು ಹೊಗಳಿಕೆಯಲ್ಲೇ ಇರುತ್ತದೆ, ನೀವು ಹುಡುಕಬೇಕಾಗಿಲ್ಲ. ಯಜಮಾನರು ಹತ್ತು ನಿಮಿಷ ಅಂದರು, ಅದಕ್ಕೆ ಸುಮಾ. ತಕರಾರು ನಿಂತಿತು ಅಂದರು, ಅದಕ್ಕೆ ಹರೀಶ್ ಮತ್ತು ನಯನಾ. ಕನ್ನಡ ಬಿಲ್ಲು ಅಂದರು, ಅದಕ್ಕೆ ಇಮ್ರಾನ್. ಅವರದೇ ಮಾತಿಗೆ ಹೆಸರು ಕಟ್ಟಿದರೆ ಅವರು ಪೂರ್ತಿ ಓದುತ್ತಾರೆ. ನಿಮ್ಮ ಆಫೀಸಿನ ಕೆಲಸದ ಪಟ್ಟಿ ಕಳಿಸಿದರೆ ಕಣ್ಣು ಹಾರಿಸುತ್ತಾರೆ.

ಹೊಗಳಿಕೆಯಲ್ಲಿ ಬರದ ಕೆಲಸ ಮಾಡಿದವರು, ಇಲ್ಲಿ ಲೋಕೇಶ್, ಅವರನ್ನು ಕೊನೆಗೆ ಸೇರಿಸಿ, ಆದರೆ ಅಷ್ಟೇ ಗಟ್ಟಿಯಾದ ಸಾಲಿನಲ್ಲಿ.

ತಾಂತ್ರಿಕ ಪದ ಬೇಡ. ಪ್ರಿಂಟರಿಗೆ ಚಿತ್ರವಾಗಿ ಕಳಿಸಿದ ಕಥೆ ನಮಗೆ ರೋಚಕ, ಯಜಮಾನರಿಗೆ ಬೇಕಾದ್ದು ಊರಿನ ಹೆಸರು ಒತ್ತಕ್ಷರ ಒಡೆಯದೆ ಬರುತ್ತಿದೆ ಅನ್ನೋದಷ್ಟೇ.

ಹೆಸರಿನ ಜೊತೆ ಎಲ್ಲರಿಗೂ ‘ಅವರು’ ಹಾಕಿ. ಆಫೀಸಿನಲ್ಲಿ ಹರೀಶನ್ನ ‘ಏನೋ ಹರೀಶ’ ಅಂತ ಕರೆದರೂ ಕ್ಲೈಂಟಿಗೆ ಬರೆಯುವಾಗ ಹರೀಶ್ ಅವರು. ಒಬ್ಬರಿಗೆ ‘ಅವರು’, ಇನ್ನೊಬ್ಬರಿಗೆ ‘ನಮ್ಮ ಹುಡುಗಿ’ ಅಂತ ಬರೆದರೆ, ಯಾರು ದೊಡ್ಡವರು ಯಾರು ಚಿಕ್ಕವರು ಅಂತ ನೀವೇ ತೋರಿಸಿಕೊಟ್ಟ ಹಾಗೆ. ಹೆಸರಿನ ಅಕ್ಷರವನ್ನೂ ಒಮ್ಮೆ ನೋಡಿಕೊಳ್ಳಿ. ನಯನಾ ಅನ್ನೋದು ನಯನ ಆದರೆ ಕ್ಲೈಂಟಿಗೆ ಗೊತ್ತಾಗಲ್ಲ, ನಯನಾಗೆ ಗೊತ್ತಾಗುತ್ತದೆ.

ಸಾಲಿನ ಕ್ರಮ ಹೊಗಳಿಕೆಯ ಕ್ರಮದಲ್ಲೇ ಇರಲಿ. ಹುದ್ದೆ ನೋಡಿ ಮೇಲೆ ಕೆಳಗೆ ಮಾಡಬೇಡಿ.

## ಹೆಜ್ಜೆ 5: ಏನನ್ನು ಬರೆಯಬಾರದು

ಕನ್ನಡ ಬಿಲ್ಲಿನ ಮೊದಲ ದಿನ ಇಬ್ಬರು ರೈತರ ಮೂಟೆ ಲೆಕ್ಕ ಒಂದರ ಜಾಗದಲ್ಲಿ ಇನ್ನೊಂದು ಅಚ್ಚಾಗಿತ್ತು. ಹೊರಗೆ ಹೋಗುವ ಮೊದಲು ನಯನಾ ಹಿಡಿದರು. ಇದನ್ನು “ಇಮ್ರಾನ್ ಮಾಡಿದ ತಪ್ಪನ್ನು ನಯನಾ ಸರಿಪಡಿಸಿದರು” ಅಂತ ಬರೆದರೆ ಒಬ್ಬರಿಗೆ ಕೊಟ್ಟ ಹಾರ ಇನ್ನೊಬ್ಬರ ಕೊರಳಿನಿಂದ ತೆಗೆದದ್ದಾಗುತ್ತದೆ. ‘ಬಿಲ್ಲುಗಳನ್ನು ಹಳೆಯ ಖಾತೆಗೆ ತಾಳೆ ನೋಡಿದ್ದು ನಯನಾ ಅವರು’ ಅಂದರೆ ಸಾಕು. ಕ್ಲೈಂಟಿಗೆ ನಿಜವಾಗಿ ತಟ್ಟಿದ ತಪ್ಪಿದ್ದರೆ ಅದನ್ನು ಮುಚ್ಚಿಡಬೇಡಿ, ಬೇರೆ ಮೇಲ್‌ನಲ್ಲಿ, ನಿಮ್ಮ ಹೆಸರಿನಲ್ಲಿ ಹೇಳಿ. ಈ ಮೇಲ್ ಅದಕ್ಕಲ್ಲ.

ರಾತ್ರಿಯಿಡೀ ಕೂತರು, ಭಾನುವಾರವೂ ಬಂದರು ಅನ್ನೋದನ್ನೂ ಬಿಡಿ. ಬರೆಯುವವರು ಪ್ರೀತಿಯಿಂದಲೇ ಬರೆಯುತ್ತಾರೆ. ಓದುವವರು ಮಾತ್ರ, ಓಹೋ, ಇವರು ಭಾನುವಾರವೂ ಸಿಗುತ್ತಾರೆ ಅಂತ ಲೆಕ್ಕ ಹಾಕಿಕೊಳ್ಳುತ್ತಾರೆ. ಇನ್ನೊಂದು ಬಗೆಯಲ್ಲೂ ಇದು ತಿರುಗುತ್ತದೆ, ಇಷ್ಟು ಕೆಲಸಕ್ಕೆ ರಾತ್ರಿಯೆಲ್ಲ ಕೂರಬೇಕಾಯ್ತಾ, ಇವರ ಪ್ಲಾನೇ ಸರಿ ಇಲ್ಲವಾ ಅಂತ.

ಮುಂದಿನದು ನಾನು ಪೆಟ್ಟು ತಿಂದು ಕಲಿತದ್ದು. ಹೆಸರು ಹೇಳಿದ ಮೇಲೆ ಕ್ಲೈಂಟಿಗೆ ಆ ವ್ಯಕ್ತಿ ಸಿಕ್ಕರು. ಹಿಂದೊಬ್ಬ ಕ್ಲೈಂಟ್, ಹೆಸರು ಬೇಡ, ಹೀಗೇ ಬರೆದ ಮೇಲೆ ನಮ್ಮ ಜೊತೆಯವರೊಬ್ಬರ ನಂಬರ್ ಎಲ್ಲಿಂದಲೋ ತೆಗೆದುಕೊಂಡು ನೇರವಾಗಿ ಫೋನ್ ಮಾಡಲು ಶುರು ಮಾಡಿದರು, “ಇದೊಂದು ಸಣ್ಣದು ಮಾಡಿಕೊಡಿ” ಅಂತ. ಪಾಪ, ಅವರಿಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ತಿಂಗಳಾದ ಮೇಲೆ ನನಗೆ ತಿಳಿಯಿತು, ಅಷ್ಟರಲ್ಲಿ ಬಿಲ್ ಆಗದ ಸಣ್ಣ ಕೆಲಸಗಳು ಹನ್ನೊಂದಾಗಿದ್ದವು. ಇದಕ್ಕೆ ಹೆಸರು ಮುಚ್ಚಿಡೋದು ಪರಿಹಾರ ಅಲ್ಲ. ನಂಬರ್ ಹಾಕಬೇಡಿ, ಮೇಲ್‌ನ ಕೊನೆಯಲ್ಲಿ ಏನೇ ಬೇಕಿದ್ದರೂ ಮೊದಲಿನ ಹಾಗೆ ನನಗೇ ಹೇಳಿ ಅಂತ ಒಂದು ಸಾಲು ಸೇರಿಸಿ, ಟೀಮಿನವರಿಗೂ “ನೇರವಾಗಿ ಫೋನ್ ಬಂದರೆ ನನ್ನ ಹೆಸರು ಹೇಳಿ ದಾಟಿಸಿ” ಅಂತ ಮೊದಲೇ ಹೇಳಿಡಿ.

ಇದೇ ಮೇಲ್‌ನಲ್ಲಿ ಮುಂದಿನ ಕೆಲಸ ಕೇಳೋದು, ಬಾಕಿ ಹಣ ನೆನಪಿಸೋದು ಬೇಡ. ಹಾಗೆ ಮಾಡಿದರೆ ಮೇಲಿನ ಹೆಸರುಗಳೆಲ್ಲ ಪೀಠಿಕೆ ಅನ್ನಿಸಿಬಿಡುತ್ತವೆ.

## ಹೆಜ್ಜೆ 6: ಕೊನೆಗೆ ಹೋದ ಮೇಲ್

> ಯಜಮಾನರೇ, ನಮಸ್ಕಾರ.
>
> ನಿಮ್ಮ ಮೇಲ್ ಓದಿ ಬಹಳ ಸಂತೋಷವಾಯಿತು. ಇವತ್ತು ಬೆಳಿಗ್ಗೆ ಅದನ್ನು ಟೀಮಿನ ಮುಂದೆ ಹಾಗೇ ಓದಿದೆ. ಇದು ನಾನೊಬ್ಬನೇ ಮಾಡಿದ್ದಲ್ಲ. ನೀವು ಹೇಳಿದ ಒಂದೊಂದರ ಹಿಂದೆಯೂ ಯಾರಿದ್ದಾರೆ ಅಂತ ನಿಮಗೆ ಗೊತ್ತಿರಲಿ.
>
> ಬಿಲ್ ಹತ್ತು ನಿಮಿಷಕ್ಕೆ ಬಂದದ್ದು ಸುಮಾ ಅವರಿಂದ. ಮೂರು ದಿನ ನಿಮ್ಮ ಮಂಡಿಯಲ್ಲಿ ಕೂತು, ಒಂದು ಗಾಡಿಯಲ್ಲಿ ಹಲವು ರೈತರ ಬೆಲ್ಲ ಬರೋದನ್ನು ನೋಡಿ, ಚೀಟಿ ಬೇಕಾಗದ ಹಾಗೆ ಸ್ಕ್ರೀನ್ ಬದಲಾಯಿಸಿದರು. ಇದನ್ನು ಅವರಿಗೆ ಬಿಡಿಸಿ ಹೇಳಿಕೊಟ್ಟವರು ನಿಮ್ಮ ಗುಮಾಸ್ತರು.
>
> ತೂಕದ ತಕರಾರು ನಿಂತದ್ದಕ್ಕೆ ಇಬ್ಬರು ಕಾರಣ. ಅಂಕಿ ಅಲುಗಾಡದೆ ನಿಂತ ಮೇಲೇ ತೂಕ ಹಿಡಿಯಬೇಕು ಅಂತ ಹೇಳಿದ್ದು ನಯನಾ ಅವರು, ತಕ್ಕಡಿಗೆ ಅದನ್ನು ಅಳವಡಿಸಿದ್ದು ಹರೀಶ್ ಅವರು. ನಿಮ್ಮ ಎರಡು ತಿಂಗಳ ಖಾತೆಗೆ ಸಾಲು ಸಾಲಾಗಿ ತಾಳೆ ನೋಡಿದ್ದೂ ನಯನಾ ಅವರೇ.
>
> ಕನ್ನಡದ ಬಿಲ್ಲು ಇಮ್ರಾನ್ ಅವರ ಕೆಲಸ. ಊರು, ಹೆಸರು ಯಾವುದೂ ಒಡೆಯದೆ ಓದೋಕೆ ಬರುವ ಹಾಗೆ ಮಾಡಿದರು.
>
> ಹಳೆಯ ಬಾಕಿಯನ್ನೆಲ್ಲ ಒಂದೂ ಬಿಡದೆ ಹೊಸದಕ್ಕೆ ತಂದದ್ದು, ಮೊದಲ ಹತ್ತು ದಿನ ನಿಮ್ಮ ಫೋನ್ ಎತ್ತಿದ್ದು ಲೋಕೇಶ್ ಅವರು.
>
> ನಾನು ಮಾಡಿದ್ದು ನಿಮ್ಮ ಜೊತೆ ಮಾತಾಡಿ, ಯಾವುದು ಮೊದಲು ಆಗಬೇಕು ಅಂತ ತೀರ್ಮಾನಿಸಿದ್ದು. ಏನೇ ಬೇಕಿದ್ದರೂ ಮೊದಲಿನ ಹಾಗೆ ನನಗೇ ಫೋನ್ ಮಾಡಿ.

ಟೀಮಿನ ಐವರನ್ನೂ ಸಿಸಿಯಲ್ಲಿ ಹಾಕಿದೆ. ಯಜಮಾನರ ಮೇಲ್‌ನಲ್ಲಿ ಅವರ ಮಗಳು ಸಿಸಿಯಲ್ಲಿದ್ದರು, ಅವರನ್ನು ಹಾಗೇ ಉಳಿಸಿದೆ. ಬಿಸಿಸಿ ಬೇಡ. ಕದ್ದು ತೋರಿಸಿದ ಕ್ರೆಡಿಟ್ಟು ಕ್ರೆಡಿಟ್ಟಲ್ಲ, ಯಜಮಾನರಿಗೂ ಇವರೆಲ್ಲ ಓದುತ್ತಿದ್ದಾರೆ ಅಂತ ಗೊತ್ತಿರಬೇಕು. ಒಂದು ಎಚ್ಚರ ಮಾತ್ರ. ಕೆಳಗೆ ಅಂಟಿಕೊಂಡಿರುವ ಹಳೆಯ ಮೇಲ್‌ಗಳಲ್ಲಿ ದರದ ಚೌಕಾಸಿ ಇದ್ದರೆ ಅದನ್ನು ಅಳಿಸಿ ಕಳಿಸಿ.

ನನ್ನ ಸಾಲನ್ನು ಬಿಟ್ಟಿಲ್ಲ ಅನ್ನೋದು ನೋಡಿದಿರಾ? ಮೊದಲ ಕರಡಿನಲ್ಲಿ ಬಿಟ್ಟಿದ್ದೆ. ಸುಮಾ ಓದಿ, “ನೀವೇನೂ ಮಾಡಿಲ್ಲ ಅನ್ನೋ ಹಾಗಿದೆ, ಆಗ ಉಳಿದದ್ದೂ ನಾಟಕ ಅನ್ಸುತ್ತೆ” ಅಂದರು. ಸರಿಯಾದ ಮಾತು. ಒಂದು ಸಾಲು, ಕೊನೆಯಲ್ಲಿ, ನಿಜವಾಗಿ ಮಾಡಿದ್ದಷ್ಟೇ.

ಈ ಬಗೆಗೆ ಒಂದು ಮಿತಿ ಇದೆ. ಐದಾರು ಜನರವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಇಪ್ಪತ್ತು ಜನರಿದ್ದರೆ ಇಪ್ಪತ್ತು ಸಾಲು ಯಾರೂ ಓದಲ್ಲ. ಆಗ ಹೊಗಳಿದ ವಿಷಯಗಳಿಗೆ ನೇರವಾಗಿ ಸೇರಿದವರ ಹೆಸರು ಮೇಲ್‌ನಲ್ಲಿ ಹಾಕಿ, ಉಳಿದವರ ಸಾಲುಗಳನ್ನು ಕೆಳಗೆ ಬೇರೆಯಾಗಿ ಸೇರಿಸಿ. ಹೊಗಳಿಕೆಯೇ “ಸೂಪರ್ ಸಾರ್” ಅನ್ನೋ ಒಂದು ಸಾಲಾದರೆ ಇಷ್ಟುದ್ದ ಬರೆಯೋದು ಅತಿಯಾಗುತ್ತದೆ, ಒಂದೋ ಎರಡೋ ಹೆಸರು ಸಾಕು. ಉತ್ತರ ಹೊಗಳಿಕೆಗಿಂತ ಮೂರು ನಾಲ್ಕು ಪಟ್ಟು ಉದ್ದ ಆಗಬಹುದು, ಹತ್ತು ಪಟ್ಟು ಆಗಬಾರದು.

## ಕಳಿಸಿದ ಮೇಲೆ

ಯಜಮಾನರ ಮೂಲ ಮೇಲ್ ಮತ್ತು ಈ ಉತ್ತರ ಎರಡನ್ನೂ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಸಂಬಳ ಜಾಸ್ತಿ ಮಾಡುವ ಮಾತು ಬಂದಾಗ ನಯನಾ ಏನು ಮಾಡಿದರು ಅಂತ ಆರು ತಿಂಗಳ ಹಿಂದಿನದನ್ನು ನೆನಪಿನಿಂದ ತೆಗೆಯಬೇಕಾಗಿಲ್ಲ. ನಿಮ್ಮ ಮೇಲೆ ಇನ್ನೊಬ್ಬ ಮ್ಯಾನೇಜರ್ ಇದ್ದರೆ ಅವರಿಗೂ ಇದನ್ನೇ ಕಳಿಸಿ, ಬೇರೆ ಮಾತಿನಲ್ಲಿ ಹೊಸದಾಗಿ ಬರೆಯಬೇಡಿ. ಕ್ಲೈಂಟಿಗೆ ಒಂದು, ಮ್ಯಾನೇಜರಿಗೆ ಇನ್ನೊಂದು ಬರೆದರೆ ಎಲ್ಲೋ ಒಂದು ಕಡೆ ಅದು ಹೊರಬರುತ್ತದೆ.

ಇದು ಸರಿಯಾಗಿ ತಲುಪಿತಾ ಅಂತ ತಿಳಿಯೋದು ಕ್ಲೈಂಟಿನ ಮುಂದಿನ ಮಾತಿನಲ್ಲಿ. ಮತ್ತೆ ‘ನಿಮ್ಮ ಹುಡುಗರು’ ಅಂದರೆ ಮೇಲ್ ಓದಿಲ್ಲ ಅಥವಾ ಸಾಲುಗಳು ತೆಳುವಾಗಿದ್ದವು. ನಮಗೆ ನಾಲ್ಕು ದಿನ ಬಿಟ್ಟು ಯಜಮಾನರ ಫೋನ್ ಬಂತು, ನನಗೇ. ಮಗಳು ಎರಡನೇ ಪ್ರಿಂಟರ್ ತಗೋಬೇಕು ಅಂತಿದ್ದಾಳೆ, ಅಂಗಡಿಯವರು ಬೇರೆ ಕಂಪನಿದು ತೋರಿಸ್ತಿದ್ದಾರೆ ಅಂದರು. “ಅದರಲ್ಲೂ ನಮ್ಮ ಕೊಪ್ಪದ ಒತ್ತಕ್ಷರ ಸರಿಯಾಗಿ ಬರುತ್ತಾ ಅಂತ ಇಮ್ರಾನ್ ಅವರನ್ನ ಒಂದ್ ಮಾತು ಕೇಳಿ ಹೇಳ್ತೀರಾ?”